ಉಚಿತ ವೆಬಿನಾರ್‌ಗೆ ಗಿರಾಕಿಗಳನ್ನು ಕರೆಯುವುದು ಹೇಗೆ?

ತಿಪಟೂರಿನಂಥ ಊರಿನಲ್ಲಿ ಡ್ರಿಪ್ ಸಾಮಾನು ಮಾರುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಅಂಗಡಿಯವರು ತಮ್ಮ ಗಿರಾಕಿಗಳಿಗಾಗಿ ಮೊಬೈಲಿನಲ್ಲೇ ನೋಡಬಹುದಾದ ಒಂದು ಉಚಿತ ವೆಬಿನಾರ್ ಇಟ್ಟುಕೊಂಡಿದ್ದಾರೆ. ವಾಟ್ಸಾಪಿನಲ್ಲಿ ಹೀಗೆ ಬರೆದು ಕಳಿಸುತ್ತಾರೆ: “ಹನಿ ನೀರಾವರಿಯ ಆಧುನಿಕ ವಿಧಾನಗಳ ಬಗ್ಗೆ ಉಚಿತ ವೆಬಿನಾರ್. ಎಲ್ಲರಿಗೂ ಆದರದ ಸ್ವಾಗತ.” ತೆಂಗು ಬೆಳೆಗಾರರು ಇದನ್ನು ಓದಿ ಮುಂದಿನ ಮೆಸೇಜಿಗೆ ಹೋಗುತ್ತಾರೆ. ಅವರ ತೋಟದಲ್ಲಿ ಡ್ರಿಪ್ ಆಗಲೇ ಇದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿ, ಕೆಲವು ಮರಗಳಿಗೆ ನೀರೇ ಸರಿಯಾಗಿ ಬೀಳುತ್ತಿಲ್ಲ ಎಂಬುದು ಅವರ ತಾಪತ್ರಯ. ಆಮಂತ್ರಣದಲ್ಲಿ ಅದರ ಸುದ್ದಿಯೇ ಇಲ್ಲ.

ಆದ್ದರಿಂದ ಆಮಂತ್ರಣ ಬರೆಯಲು ಕೂತಾಗ ಮೊದಲು ಬರೆದುಕೊಳ್ಳಬೇಕಾದದ್ದು ‘ಏನು ಕಲಿಯುತ್ತೀರಿ’ ಎಂಬ ಭಾಗ. ‘ನಿರ್ವಹಣೆಯ ಮಹತ್ವ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗಿ ಮಾಡಬಹುದಾದ ಕೆಲಸವನ್ನೇ ಹೇಳಬೇಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ 3 ನಿಮಿಷದಲ್ಲಿ ಸುಮಾರು 200 ಮಿ.ಲೀ. ನೀರು ಕೊಡಬೇಕು, ಅಡಿಯಲ್ಲಿ ಲೋಟ ಇಟ್ಟು ಅಳೆದರೆ ಎಷ್ಟು ಕಟ್ಟಿಕೊಂಡಿದೆ ಎಂದು ಗೊತ್ತಾಗುತ್ತದೆ. ಇದು ಒಂದು ಕಲಿಕೆ. ಬಿಳಿ ಪುಡಿ ಕಂಡರೆ ಸುಣ್ಣ, ಕೆಂಪು-ಕಂದು ಲೋಳೆಯಾದರೆ ಕಬ್ಬಿಣದ ಅಂಶ, ಹಸಿರಾಗಿ ಜಾರುತ್ತಿದ್ದರೆ ಪಾಚಿ ಎಂದು ಗುರುತಿಸುವುದು ಎರಡನೆಯದು. ಒಂದೊಂದಕ್ಕೂ ಮದ್ದು ಬೇರೆ. ಸುಣ್ಣಕ್ಕೆ ಆಸಿಡ್ ಬಿಡುವ ಕ್ರಮ ಮೂರನೆಯದು. ಐವತ್ತು ನಿಮಿಷಕ್ಕೆ ಈ ಮೂರು ಸಾಕು, ಪ್ರಶ್ನೆಗಳಿಗೂ ಸಮಯ ಉಳಿಯುತ್ತದೆ. ಆಸಿಡ್ ಪ್ರಮಾಣವನ್ನು ಮಾತ್ರ ಆಮಂತ್ರಣದಲ್ಲಿ ಬರೆಯಬಾರದು. ಅದು ನೀರಿನಿಂದ ನೀರಿಗೆ ಬದಲಾಗುತ್ತದೆ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು ಎಂಬಂಥ ಎಚ್ಚರಿಕೆಯನ್ನೂ ಮಾಡಿ ತೋರಿಸುತ್ತಲೇ ಹೇಳಬೇಕು.

ಕಲಿಕೆ ಖಚಿತವಾದರೆ ತಲೆಬರಹ ತಾನಾಗಿ ಹುಟ್ಟುತ್ತದೆ: “ಡ್ರಿಪ್ಪರ್ ಕಟ್ಟಿಕೊಂಡಿದೆಯೇ? ಬೇಸಿಗೆಗೆ ಮುಂಚೆ ನೀವೇ ಸರಿಮಾಡಿ.”

ಇನ್ನು ಸಮಯ. ‘ನಾಳೆ ಸಂಜೆ’ ಎಂದು ಬರೆದ ಮೆಸೇಜು ಎರಡು ದಿನ ಬಿಟ್ಟು ಇನ್ನೊಂದು ಗುಂಪಿಗೆ ಫಾರ್ವರ್ಡ್ ಆದರೆ ಸುಳ್ಳಾಗುತ್ತದೆ. ತಾರೀಖು, ವಾರ, ಶುರುವಾಗುವ ಮತ್ತು ಮುಗಿಯುವ ಹೊತ್ತು ನಾಲ್ಕೂ ಇರಲಿ. ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲಿನ ಏಳೂವರೆ ಇವರಿಗೆ ಅನುಕೂಲ. ದುಬೈಯಲ್ಲಿದ್ದು ತೋಟ ನೋಡಿಸುವ ಮಗನೂ ಸೇರುವುದಾದರೆ ಅಲ್ಲಿ ಆಗ ಸಂಜೆ 6. ‘ಭಾರತದ ಸಮಯ’ ಎಂಬ ಎರಡು ಪದ ಸೇರಿಸಿದರೆ ಗೊಂದಲವಿರದು. ಮುಗಿಯುವ ಹೊತ್ತನ್ನು ನಿಶ್ಚಯಿಸುವ ಮುನ್ನ ನೀವು ಬಳಸುವ ಆ್ಯಪ್‌ನ ಮಿತಿ ನೋಡಿಕೊಳ್ಳಿ. ಜೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ನಿಂತುಹೋಗುತ್ತದೆ, 100 ಜನರಿಗಷ್ಟೇ ಜಾಗ. ಮಾತಿನ ನಡುವೆ ಪರದೆ ಕಪ್ಪಾದರೆ ಜನ ಮತ್ತೆ ಬರುವುದು ಕಷ್ಟ.

ಹೆಚ್ಚು ಎಡವುವುದು ಲಿಂಕ್‌ನಲ್ಲಿ. ನೋಂದಣಿ ಲಿಂಕ್ ಬೇರೆ, ವೆಬಿನಾರ್‌ಗೆ ಸೇರುವ ಲಿಂಕ್ ಬೇರೆ. ಗೂಗಲ್ ಫಾರ್ಮ್ ತುಂಬಿಸಿಕೊಂಡರೆ ಸೇರುವ ಲಿಂಕ್ ತಾನಾಗಿ ಹೋಗುವುದಿಲ್ಲ. ಫಾರ್ಮ್ ಕಳಿಸಿದ ಮೇಲೆ ಕಾಣುವ ಸಂದೇಶದಲ್ಲಿ ನಾವೇ ಅದನ್ನು ಹಾಕಿಡಬೇಕು, ಇಲ್ಲವೇ ವಾಟ್ಸಾಪಿನಲ್ಲಿ ಕಳಿಸಬೇಕು. ಫಾರ್ಮ್‌ನಲ್ಲಿ ಹೆಸರು, ವಾಟ್ಸಾಪ್ ನಂಬರು, ಊರು, ‘ನಿಮ್ಮ ಡ್ರಿಪ್‌ನ ತೊಂದರೆ ಏನು?’ ಎಂಬ ಒಂದು ಪ್ರಶ್ನೆ ಸಾಕು. ಹಂಚುವ ಮುನ್ನ ಬೇರೆಯವರ ಫೋನಿನಲ್ಲಿ ತೆರೆದು ನೋಡಿ; ಸೈನ್ ಇನ್ ಕೇಳಿದರೆ ಅರ್ಧ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸುವುದಾದರೆ, ಅಂಗಡಿಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬುದೂ ನೆನಪಿರಲಿ.

ಗೊತ್ತಿಲ್ಲದ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರ ಸುದ್ದಿ ಎಲ್ಲ ಊರಿನಲ್ಲೂ ಇದೆ. ಬಿಲ್ಲಿನ ಮೇಲಿರುವ ಅಂಗಡಿಯ ಹೆಸರು, ಫೋನ್ ನಂಬರನ್ನೇ ಆಮಂತ್ರಣದಲ್ಲೂ ಹಾಕಿ. ಕೊನೆಯಲ್ಲಿ ಫಿಲ್ಟರ್ ಮಾರುವ ಉದ್ದೇಶವಿದ್ದರೆ ಅದನ್ನೂ ಮುಚ್ಚಿಡಬೇಡಿ. ಇಷ್ಟನ್ನೂ ಸೇರಿಸಿದರೆ ಆಮಂತ್ರಣ ಹೀಗಾಗುತ್ತದೆ:

ಡ್ರಿಪ್ಪರ್ ಕಟ್ಟಿಕೊಂಡಿದೆಯೇ? ಬೇಸಿಗೆಗೆ ಮುಂಚೆ ನೀವೇ ಸರಿಮಾಡಿ
ನಮ್ಮ ಗಿರಾಕಿಗಳಿಗೆ ಉಚಿತ ವೆಬಿನಾರ್, ಕನ್ನಡದಲ್ಲಿ
ಜನವರಿ 21, ಬುಧವಾರ, ಸಂಜೆ 7.30ರಿಂದ 8.20 (ಭಾರತದ ಸಮಯ)
ಕಲಿಯುವುದು:
1. ಲೋಟ ಇಟ್ಟು ಡ್ರಿಪ್ಪರ್ ಪರೀಕ್ಷಿಸುವುದು
2. ಸುಣ್ಣ, ಕಬ್ಬಿಣ, ಪಾಚಿ ಗುರುತಿಸುವುದು
3. ಅಪಾಯವಿಲ್ಲದೆ ಆಸಿಡ್ ಬಿಡುವುದು
ನೋಂದಣಿ: https://example.com/drip
ಕೊನೆಯ 5 ನಿಮಿಷ ಫಿಲ್ಟರ್‌ಗಳ ಪರಿಚಯ. ಒಟಿಪಿ, ಬ್ಯಾಂಕ್ ವಿವರ ಕೇಳುವುದಿಲ್ಲ.
(ಅಂಗಡಿಯ ಹೆಸರು, ಫೋನ್)

ಹೆಸರು ಬರೆಸಿದವರೂ ಮರೆಯುತ್ತಾರೆ. ಆ ದಿನ ಬೆಳಿಗ್ಗೆ ಒಮ್ಮೆ, ಶುರುವಾಗುವ 15 ನಿಮಿಷ ಮುಂಚೆ ಇನ್ನೊಮ್ಮೆ ಸೇರುವ ಲಿಂಕ್ ಕಳಿಸಿ. ಫಾರ್ಮ್‌ನಲ್ಲಿ ಬಂದ ತೊಂದರೆಗಳನ್ನು ಹಿಂದಿನ ರಾತ್ರಿಯೇ ಓದಿ. ಹೆಚ್ಚಿನವರು ಕೆಂಪು ಲೋಳೆ ಎಂದು ಬರೆದಿದ್ದರೆ, ಆಸಿಡ್‌ಗೆ ಮೀಸಲಿಟ್ಟ ಸಮಯದಲ್ಲಿ ಒಂದಷ್ಟನ್ನು ಕಬ್ಬಿಣದ ಅಂಶಕ್ಕೆ ಕೊಡಿ.