ಮ್ಯೂಟ್‌ನಲ್ಲೂ ಅರ್ಥವಾಗುವ ವಿಡಿಯೊ

ಫೇಸ್‌ಬುಕ್‌ನಲ್ಲಿ ಬೆರಳು ಸೋಕಿಸದೆಯೇ ವಿಡಿಯೊ ಓಡತೊಡಗಿದ್ದು 2013ರ ಹೊತ್ತಿಗೆ. ಆದರೆ ಓಡುತ್ತಿದ್ದದ್ದು ದನಿಯಿಲ್ಲದೆ. ಕೇಳಬೇಕೆನ್ನುವವರು ಅದನ್ನು ಮುಟ್ಟಬೇಕಿತ್ತು. ಇದನ್ನು ಚೆನ್ನಾಗಿ ಬಳಸಿಕೊಂಡದ್ದು 2015ರಲ್ಲಿ ಶುರುವಾದ ಬಜ್‌ಫೀಡ್‌ನ ‘ಟೇಸ್ಟಿ’. ಅದರ ಅಡುಗೆ ವಿಡಿಯೊಗಳಲ್ಲಿ ಕ್ಯಾಮೆರಾ ನೆತ್ತಿಯ ಮೇಲಿಂದ ಪಾತ್ರೆಯನ್ನು ನೋಡುತ್ತದೆ. ಕಾಣುವುದು ಎರಡು ಕೈ ಮಾತ್ರ. ಪದಾರ್ಥ ಪಾತ್ರೆಗೆ ಬೀಳುವ ಹೊತ್ತಿಗೆ ಅದರ ಹೆಸರು ಪರದೆಯ ಮೇಲೆ ಮೂಡುತ್ತದೆ. ಮಾತಾಡುವವರೇ ಇಲ್ಲ, ಹಾಗಾಗಿ ಕೇಳಿಸದೆ ಹೋಗುವಂಥದ್ದೂ ಇಲ್ಲ.

ಈಗಲೂ ಬಹಳ ಮಂದಿ ಮೊದಲು ಮಾತಾಡಿ ಚಿತ್ರೀಕರಿಸಿಕೊಂಡು, ಆಮೇಲೆ ಆ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲಿ ಓಡಿಸುತ್ತಾರೆ. ಅದರಿಂದ ಮಾತೇನೋ ಓದಲು ಸಿಗುತ್ತದೆ, ಆದರೆ ಕಣ್ಣು ಅಕ್ಷರಕ್ಕೆ ಅಂಟಿಕೊಂಡು ಕೆಲಸ ನಡೆಯುತ್ತಿರುವ ಕೈ ತಪ್ಪಿಹೋಗುತ್ತದೆ. ಮ್ಯೂಟ್‌ಗೆಂದೇ ಮಾಡುವ ವಿಡಿಯೊದಲ್ಲಿ ಕೆಲಸ ಬೇರೆ ರೀತಿ ಹಂಚಿಕೆಯಾಗುತ್ತದೆ. ಏನು ಮಾಡಬೇಕು ಎಂಬುದನ್ನು ಚಿತ್ರ ತೋರಿಸುತ್ತದೆ. ಎಷ್ಟು, ಎಷ್ಟು ಹೊತ್ತು, ಯಾವುದು ಬೇಡ ಎಂಬಂಥ, ಚಿತ್ರಕ್ಕೆ ಹೇಳಲಾಗದ ಸಂಗತಿಯನ್ನಷ್ಟೇ ಅಕ್ಷರ ಹೇಳುತ್ತದೆ.

ವಾಂತಿಭೇದಿಯಾದ ಮಗುವಿಗೆ ಓಆರ್‌ಎಸ್ ಕಲಸುವುದನ್ನು ಅರ್ಧ ನಿಮಿಷದಲ್ಲಿ ತೋರಿಸಬೇಕು ಎಂದಿಟ್ಟುಕೊಳ್ಳೋಣ. ಮೊದಲ ಚಿತ್ರದಲ್ಲಿ ಅಂಗೈ ಮೇಲೆ ಪೊಟ್ಟಣ, ಜೊತೆಗೆ ‘ವಾಂತಿಭೇದಿಗೆ ಓಆರ್‌ಎಸ್’ ಎಂಬ ಬರಹ. ವಿಷಯ ಯಾವುದೆಂದು ತಿಳಿಯಲು ಅಷ್ಟು ಸಾಕು. ಎರಡನೆಯದು ಪೊಟ್ಟಣದ ಹತ್ತಿರದ ನೋಟ: ಅದರ ಮೇಲೆ ಅಚ್ಚಾಗಿರುವ ನೀರಿನ ಅಳತೆಯ ಮೇಲೆ ಬೆರಳು. ದೊಡ್ಡ ಪೊಟ್ಟಣಕ್ಕೆ 1 ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್ ನೀರು ಬೇಕಾಗುವುದರಿಂದ ಈ ಚಿತ್ರವನ್ನು ಅವಸರದಲ್ಲಿ ದಾಟುವಂತಿಲ್ಲ. ಮುಂದೆ, 1 ಲೀಟರ್ ಬಾಟಲಿಯಲ್ಲಿ ಅಳೆದ ಕುಡಿಯುವ ನೀರು ಪಾತ್ರೆಗೆ ಬೀಳುತ್ತದೆ. ಪೊಟ್ಟಣ ಹರಿದು, ಪುಡಿ ಸುರಿದು, ಖಾಲಿ ಪೊಟ್ಟಣವನ್ನು ಕೊಡವುತ್ತಾರೆ. ಬರಹ ‘ಪೂರ್ತಿ ಪೊಟ್ಟಣ’. ಕಲಸಿದ ಮೇಲೆ ಮಗುವಿನ ಬಾಯಿಗೆ ಚಮಚ. ಕೊನೆಯಲ್ಲಿ ಮುಚ್ಚಿಟ್ಟ ಪಾತ್ರೆ, ‘24 ಗಂಟೆಯ ನಂತರ ಉಳಿದರೆ ಚೆಲ್ಲಿ’.

ಎಡವಟ್ಟಾಗುವುದು ‘ಬೇಡ’ ಎನ್ನುವಲ್ಲಿ. ‘ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಬೇಡಿ’ ಎಂದು ದನಿ ಹೇಳುತ್ತಿರುವಾಗ, ತೆರೆಯ ಮೇಲೆ ಒಂದು ಕೈ ಅದನ್ನೇ ಲೋಟಕ್ಕೆ ಸುರಿಯುತ್ತಿರುತ್ತದೆ. ಮ್ಯೂಟ್‌ನಲ್ಲಿ ನೋಡಿದವರು ಕಲಿಯುವುದು ಆ ತಪ್ಪನ್ನೇ. ಹಾಗೆ ಕಲಸಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಪುಡಿ ಸುರಿದ ಮೇಲೆ ಕೆಂಪು ಗುಣಾಕಾರ ಚಿಹ್ನೆ ತೋರಿಸಿದರೂ ಸಾಲದು, ಅಷ್ಟರಲ್ಲಿ ಕೆಲವರು ಮುಂದಿನ ವಿಡಿಯೊಗೆ ಹೋಗಿರುತ್ತಾರೆ. ಲೋಟ ಕಾಣಿಸಿದ ಕ್ಷಣದಿಂದಲೇ ಆ ಚಿಹ್ನೆ ಇರಬೇಕು. ತಪ್ಪನ್ನು ತೋರಿಸದೆ ಸರಿಯಾದದ್ದನ್ನಷ್ಟೇ ತೋರಿಸುವುದು ಇನ್ನೂ ಕ್ಷೇಮ.

ಕನ್ನಡದ ಬರಹಕ್ಕೆ ತನ್ನದೇ ತೊಡಕುಗಳಿವೆ. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳನ್ನು ಹತ್ತಿರ ಜೋಡಿಸಿದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಕೊಟ್ಟರೆ ಒತ್ತುಗಳೊಳಗಿನ ಸಂದು ಮುಚ್ಚಿಹೋಗುತ್ತದೆ. ಅದರ ಬದಲು ಹಿಂದೆ ಕಪ್ಪು ಪಟ್ಟಿ ಇಟ್ಟು ಬಿಳಿ ಅಕ್ಷರ ಬರೆದರೆ ಬಿಸಿಲಲ್ಲೂ ಓದಬಹುದು. ಅಕ್ಷರಗಳು ಒಂದೊಂದಾಗಿ ಮೂಡುವ ಆಟವೂ ಇಲ್ಲಿ ಕೈಕೊಡುತ್ತದೆ. ‘ಸಕ್ಕರೆ’ ಮೊದಲು ‘ಸಕ್’ ಎಂದು ಕಾಣಿಸಿ, ಆಮೇಲೆ ರೂಪ ಬದಲಿಸಿ ‘ಸಕ್ಕ’ ಆಗುತ್ತದೆ. ಇಡೀ ಪದ ಒಟ್ಟಿಗೆ ಬರುವುದೇ ಲೇಸು.

ಎಲ್ಲಿ ಬರೆಯಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ರೀಲ್ಸ್‌ನಲ್ಲಿ ಕೆಳಗೆ ಖಾತೆಯ ಹೆಸರು ಮತ್ತು ವಿವರಣೆ, ಬಲಕ್ಕೆ ಲೈಕ್, ಶೇರ್ ಗುಂಡಿಗಳು ಬರುತ್ತವೆ. ಅಲ್ಲಿಟ್ಟ ‘1 ಲೀಟರ್’ ಅವುಗಳಡಿ ಅಡಗಿಹೋಗುತ್ತದೆ. ಹಾಗಾಗಿ ಕೆಳಗಿನ ಮೂರನೇ ಒಂದು ಭಾಗವನ್ನು ಖಾಲಿ ಬಿಟ್ಟು, ಬರಹವನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಇಟ್ಟರೆ ಕಣ್ಣು ಹುಡುಕಾಡುವುದಿಲ್ಲ. ಅದು ಎಷ್ಟು ಹೊತ್ತು ನಿಲ್ಲಬೇಕು? ನಿಧಾನವಾಗಿ ಎರಡು ಸಲ ಓದಿಕೊಳ್ಳುವಷ್ಟು. ಬರೆದವರಿಗೆ ವಾಕ್ಯ ಮೊದಲೇ ಗೊತ್ತಿರುವುದರಿಂದ ಅವರ ಅಂದಾಜು ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ವಿಡಿಯೊ ಮುಗಿಸಿದ ಮೇಲೆ ವಿಷಯ ತಿಳಿಯದ ಒಬ್ಬರಿಗೆ ದನಿ ಆರಿಸಿ ಒಂದೇ ಸಲ ತೋರಿಸಿ, ಓಆರ್‌ಎಸ್ ಹೇಗೆ ಕಲಸುವುದೆಂದು ಕೇಳಬೇಕು. ಅವರು ನೀರಿನ ಅಳತೆ ಹೇಳದಿದ್ದರೆ ಎರಡನೆಯ ಚಿತ್ರವನ್ನು ಮತ್ತೆ ತೆಗೆಯಬೇಕು. ಓದು ಬಾರದವರಿಗೂ ತೋರಿಸಿದರೆ, ಬರಹದ ಬೆಂಬಲವಿಲ್ಲದೆ ಚಿತ್ರಗಳ ಸರದಿ ಎಷ್ಟು ಗಟ್ಟಿಯಾಗಿದೆ ಎಂಬುದೂ ತಿಳಿಯುತ್ತದೆ. ಹಾಗೆಂದು ದನಿಯನ್ನು ತೆಗೆದುಹಾಕುವಂತಿಲ್ಲ. ಪರದೆ ಕಾಣದವರಿಗೆ ಇರುವುದು ಅದೊಂದೇ, ಆದ್ದರಿಂದ ಬರಹದಲ್ಲಿರುವ ‘1 ಲೀಟರ್’ ಮತ್ತು ‘24 ಗಂಟೆ’ ಮಾತಿನಲ್ಲೂ ಬರಬೇಕು.