ಐದರಲ್ಲಿ ನಾಲ್ಕು ತಪ್ಪು, ಒಂದು ಸರಿ

ಅಕ್ಕನ ಮಗ ಹನ್ನೊಂದನೇ ಕ್ಲಾಸಿಗೆಂದು ಧಾರವಾಡದಿಂದ ಪುಣೆಗೆ ಬಂದು ಕೊಥ್ರೂಡ್‌ನ ನಮ್ಮ ಮನೆಯಲ್ಲೇ ಇದ್ದಾನೆ. ಕಳೆದ ತಿಂಗಳು ಅವನ ಫಿಸಿಕ್ಸ್ ಟೆಸ್ಟಿನ ಪೇಪರ್ ವಾಪಸ್ ಬಂತು. ಟಾರ್ಕ್ ಮತ್ತು ಕೋನೀಯ ವೇಗದ ಮೇಲೆ ಐದು ಪ್ರಶ್ನೆ. ಐದರಲ್ಲೂ ಲೆಕ್ಕ ಸರಿಯಿತ್ತು. ಆದರೆ ನಾಲ್ಕರಲ್ಲಿ ದಿಕ್ಕು ಉಲ್ಟಾ ಆಗಿತ್ತು. ಐದನೆಯದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ಹಗ್ಗಕ್ಕೆ ನೇತುಹಾಕಿದ ತಿರುಗುವ ಗಾಲಿ ಯಾವ ಕಡೆ ಸುತ್ತುತ್ತದೆ ಎಂಬುದು. ಅದೊಂದು ಮಾತ್ರ ಪೂರ್ತಿ ಸರಿ!

ಹುಡುಗನಿಗೆ ಅಂಕಕ್ಕಿಂತ ಬೇರೆಯದೇ ಸಿಟ್ಟು. "ಮಾಮಾ, ಗಾಲಿ ತಿರಗೂದು ಒಂದು ಕಡೆ, ಬಾಣ ತೋರಸೂದು ಇನ್ನೊಂದು ಕಡೆ. ಆ ಕಡೆ ಏನೂ ಹೋಗೂದೇ ಇಲ್ಲ. ಮತ್ತ ಬಾಣ ಯಾಕ ಹಾಕ್ತಾರ?"

ಎಂಜಿನಿಯರಿಂಗ್ ಓದುವಾಗ ನನಗೂ ಇದೇ ಅನುಮಾನವಿತ್ತು. ಕೇಳಲು ಸಂಕೋಚಪಟ್ಟು ಬಾಯಿಪಾಠ ಮಾಡಿ ದಾಟಿಬಿಟ್ಟಿದ್ದೆ. ಈ ಸಲ ಹಾಗೆ ಮಾಡಬಾರದು ಅನ್ನಿಸಿತು. ಒಂದು ಕಾಲಕ್ಕೆ ಸೈಕಲ್ಲಿನ ಊರು ಅನ್ನಿಸಿಕೊಂಡಿದ್ದ ಪುಣೆಯಲ್ಲಿ ಹಳೆಯ ಸೈಕಲ್ ಗಾಲಿ ಸಿಗುವುದು ಕಷ್ಟವಲ್ಲ. ರಿಪೇರಿ ಅಂಗಡಿಯಿಂದ ಮುಂದಿನ ಗಾಲಿಯೊಂದನ್ನು ತಂದು, ಅಚ್ಚಿನ ಎರಡೂ ತುದಿಗೆ ಮರದ ಹಿಡಿ ಕೂರಿಸಿದೆವು.

ಮೊದಲು ಅವನ ಪ್ರಶ್ನೆ. ತಿರುಗುವ ಗಾಲಿಯ ಅಂಚಿನ ಒಂದು ಬಿಂದು ಈಗ ಮುಂದೆ ಹೋಗುತ್ತಿದ್ದರೆ, ಕ್ಷಣದಲ್ಲೇ ಕೆಳಗೆ, ಆಮೇಲೆ ಹಿಂದೆ, ಆಮೇಲೆ ಮೇಲೆ. ಇಡೀ ಗಾಲಿಯಲ್ಲಿ ಬದಲಾಗದೆ ಉಳಿಯುವ ದಿಕ್ಕು ಒಂದೇ, ಅಚ್ಚಿನದು. ಅದಕ್ಕೇ ಬಾಣವನ್ನು ಅಚ್ಚಿನ ಮೇಲೆ ಇಡುತ್ತಾರೆ. ಏನೋ ಆ ಕಡೆ ಹೋಗುತ್ತಿದೆ ಎಂದು ಆ ಬಾಣ ಹೇಳುವುದಿಲ್ಲ. "ಈ ಗೆರೆಯ ಸುತ್ತ ತಿರುಗುತ್ತಿದೆ" ಎಂದಷ್ಟೇ ಹೇಳುತ್ತದೆ. ಆದರೆ ಅಚ್ಚಿಗೆ ಎರಡು ತುದಿ. ಯಾವ ತುದಿಯ ಕಡೆ ಬಾಣ ಎಂಬುದು ನಾವು ಮಾಡಿಕೊಂಡ ಒಪ್ಪಂದ: ಬಲಗೈ ಬೆರಳುಗಳನ್ನು ತಿರುಗುವ ಕಡೆಗೆ ಮಡಚಿದರೆ ಹೆಬ್ಬೆರಳು ತೋರಿಸುವ ತುದಿ. ಮುಂದಕ್ಕೆ ಓಡುವ ಸೈಕಲ್ಲಿನ ಗಾಲಿಗೆ ಹೀಗೆ ನೋಡಿದರೆ, ಕೋನೀಯ ವೇಗದ ಬಾಣ ಸವಾರನ ಎಡಕ್ಕೆ ಬರುತ್ತದೆ.

ಟಾರ್ಕ್‌ಗೂ ಅದೇ ಕೈ. ಸೂತ್ರ τ = r × F. ಇಲ್ಲಿ r ಅಂದರೆ ತಿರುಗುವ ಕೇಂದ್ರದಿಂದ ಬಲ ಬೀಳುವ ಜಾಗಕ್ಕೆ ಎಳೆದ ಬಾಣ. ಬೆರಳುಗಳನ್ನು r ಕಡೆಗೆ ಚಾಚಿ, F ಕಡೆಗೆ ಮಡಚಬೇಕು. ಆಗ ಹೆಬ್ಬೆರಳೇ ಟಾರ್ಕ್. ಪೆಡಲ್ ಮುಂದಿದ್ದಾಗ ಕಾಲಿನಿಂದ ಕೆಳಕ್ಕೆ ಒತ್ತುತ್ತೇವೆ. r ಮುಂದಕ್ಕೆ, F ಕೆಳಕ್ಕೆ, ಹೆಬ್ಬೆರಳು ಎಡಕ್ಕೆ. ಪೆಡಲ್ ಸರಿಯಾಗಿ ತುದಿಗೇರಿದಾಗ r ಮತ್ತು F ಒಂದೇ ಗೆರೆಯಲ್ಲಿ ಬರುತ್ತವೆ, ಮಡಚಲು ಕೋನವೇ ಇರುವುದಿಲ್ಲ, ಟಾರ್ಕ್ ಸೊನ್ನೆ. ಅಲ್ಲಿ ಎಷ್ಟು ಒತ್ತಿದರೂ ಸೈಕಲ್ ಹೊರಡದಿರುವುದು ಇದಕ್ಕೇ. ಇನ್ನು ಬ್ರೇಕ್ ಹಿಡಿದಾಗ ಗಾಲಿಯ ಮೇಲಂಚನ್ನು ರಬ್ಬರ್ ಹಿಂದಕ್ಕೆ ಎಳೆಯುತ್ತದೆ. r ಮೇಲಕ್ಕೆ, F ಹಿಂದಕ್ಕೆ, ಹೆಬ್ಬೆರಳು ಬಲಕ್ಕೆ.

ಈಗ ಬಾಣಗಳನ್ನು ಹೋಲಿಸಿ. ಗಾಲಿಯ ಬಾಣ ಎಡಕ್ಕಿದೆ. ಪೆಡಲಿನ ಟಾರ್ಕ್ ಕೂಡ ಎಡಕ್ಕೆ, ವೇಗ ಏರುತ್ತದೆ. ಬ್ರೇಕಿನದು ಬಲಕ್ಕೆ, ವೇಗ ಇಳಿಯುತ್ತದೆ. ಹಾಗಾದರೆ ಟಾರ್ಕಿನ ಬಾಣ ಗಾಲಿಯ ಬಾಣಕ್ಕೆ ಅಡ್ಡಲಾಗಿ, ತೊಂಬತ್ತು ಡಿಗ್ರಿಯಲ್ಲಿ ಬಂದರೆ?

ಅದೇ ಐದನೇ ಪ್ರಶ್ನೆ. ನಮ್ಮ ಹಾಲಿನ ಜೋಕಾಲಿ ಕೊಂಡಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಅಚ್ಚಿನ ಒಂದು ಬದಿಗೆ, ಗಾಲಿಯ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ ಬಿಗಿದೆವು. ಗಾಲಿ ಹಗ್ಗದಿಂದ ಪೂರ್ವಕ್ಕೆ ಇರುವಂತೆ ಅಚ್ಚನ್ನು ಅಡ್ಡ ಹಿಡಿದೆವು. r ಪೂರ್ವಕ್ಕೆ, ಗಾಲಿಯ ತೂಕ ಕೆಳಕ್ಕೆ, ಹೆಬ್ಬೆರಳು ಉತ್ತರಕ್ಕೆ. ಟಾರ್ಕ್ ಉತ್ತರಕ್ಕಿದೆ. ಸುಮ್ಮನೆ ಇದ್ದ ಗಾಲಿಯನ್ನು ಬಿಟ್ಟರೆ ಉತ್ತರ–ದಕ್ಷಿಣ ಗೆರೆಯ ಸುತ್ತ ತಿರುಗಿ ಕೆಳಗೆ ಬೀಳುತ್ತದೆ. ಬಿಟ್ಟೆವು, ಬಿತ್ತು.

ಎರಡನೇ ಸಲ, ಬಾಣ ಪೂರ್ವಕ್ಕೆ ಬರುವ ಹಾಗೆ ಗಾಲಿಯನ್ನು ಜೋರಾಗಿ ತಿರುಗಿಸಿ ಬಿಟ್ಟೆವು. ಟಾರ್ಕ್ ಮೊದಲಿನದೇ, ಉತ್ತರಕ್ಕೆ. ಆದರೆ ಈಗ ಪೂರ್ವಕ್ಕೆ ಒಂದು ಉದ್ದನೆಯ ಬಾಣ ಆಗಲೇ ಇದೆ, ಕೋನೀಯ ಸಂವೇಗದ್ದು. ಟಾರ್ಕ್ ಕ್ಷಣಕ್ಷಣಕ್ಕೂ ಅದಕ್ಕೆ ಉತ್ತರದ ಚಿಕ್ಕ ತುಂಡೊಂದನ್ನು ಸೇರಿಸುತ್ತದೆ. ಉದ್ದದ ಬಾಣಕ್ಕೆ ಅಡ್ಡಲಾಗಿ ಚಿಕ್ಕದನ್ನು ಕೂಡಿಸಿದರೆ ಉದ್ದ ಬೆಳೆಯುವುದಿಲ್ಲ, ಮುಖ ಮಾತ್ರ ಚೂರು ಉತ್ತರಕ್ಕೆ ಹೊರಳುತ್ತದೆ. ಅಚ್ಚು ಹೊರಳಿದಂತೆ ಟಾರ್ಕಿನ ದಿಕ್ಕೂ ಹೊರಳುತ್ತದೆ. ಹೀಗೆ ಗಾಲಿ ಬೀಳದೆ ಹಗ್ಗದ ಸುತ್ತ ನಿಧಾನಕ್ಕೆ ಸುತ್ತತೊಡಗಿತು. ಮೇಲಿನಿಂದ ನೋಡಿದರೆ ಪೂರ್ವದಿಂದ ಉತ್ತರಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ.

ಲೆಕ್ಕವನ್ನೂ ಹಾಕಿದೆವು. ಗಾಲಿ 1.5 ಕೆಜಿ, ಅಂಚಿನ ತ್ರಿಜ್ಯ 0.3 ಮೀಟರ್. ತೂಕವೆಲ್ಲ ಅಂಚಿನಲ್ಲೇ ಇದೆ ಎಂದುಕೊಂಡರೆ ಜಡತ್ವ ಭ್ರಾಮಕ 1.5 × 0.3² = 0.135. ಸೆಕೆಂಡಿಗೆ 3 ಸುತ್ತು ಅಂದರೆ ಕೋನೀಯ ವೇಗ ಸುಮಾರು 18.8, ಸಂವೇಗ ಸುಮಾರು 2.5. ಟಾರ್ಕ್ 1.5 × 9.8 × 0.1 = 1.47. ಟಾರ್ಕನ್ನು ಸಂವೇಗದಿಂದ ಭಾಗಿಸಿದರೆ ಹೊರಳುವ ವೇಗ ಸುಮಾರು 0.58, ಅಂದರೆ ಹಗ್ಗದ ಸುತ್ತ ಒಂದು ಸುತ್ತಿಗೆ 11 ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚ್ ತೋರಿಸಿದ್ದು 9. ಹಬ್ ಮತ್ತು ಕಡ್ಡಿಗಳ ತೂಕ ನಡುವಿನ ಹತ್ತಿರ ಇರುವುದರಿಂದ ನಿಜವಾದ ಸಂವೇಗ ನಮ್ಮ ಲೆಕ್ಕಕ್ಕಿಂತ ಕಡಿಮೆ, ಹಾಗಾಗಿ ಹೊರಳುವುದು ಚುರುಕು. ಬೇರಿಂಗಿನ ತಿಕ್ಕಾಟಕ್ಕೆ ಗಾಲಿ ನಿಧಾನವಾದಂತೆ ಬಾಣ ಗಿಡ್ಡವಾಯಿತು, ಹೊರಳುವುದು ಇನ್ನೂ ಚುರುಕಾಯಿತು, ಕೊನೆಗೆ ಅಚ್ಚು ಜೋತುಬಿತ್ತು.

"ಹಂಗಾದ್ರ ಉಲ್ಟಾ ತಿರಗಿಸಿದ್ರ?" ಅಂದ. "ನೀನೇ ಹೇಳು" ಅಂದೆ. ಅವನು ಪೆನ್ನು ಹಿಡಿದುಕೊಂಡೇ ಕೈ ಎತ್ತಿ ಬೆರಳು ಮಡಚಿದ. ಗುಟ್ಟು ಅಲ್ಲಿತ್ತು. ಪೆನ್ನು ಬಲಗೈಯಲ್ಲಿ, ನಿಯಮ ಹಾಕುತ್ತಿದ್ದದ್ದು ಎಡಗೈಯಲ್ಲಿ! ಪರೀಕ್ಷೆಯಲ್ಲೂ ಹಾಗೇ ಮಾಡಿದ್ದ. ನಾಲ್ಕು ಪ್ರಶ್ನೆಗಳಲ್ಲಿ ಬಾಣ ಯಾವ ಕಡೆ ಎಂದಷ್ಟೇ ಕೇಳಿದ್ದರಿಂದ ನಾಲ್ಕೂ ಉಲ್ಟಾ.

ಐದನೆಯದು ಸರಿಯಾಗಿದ್ದು ಹೇಗೆ? ನಮ್ಮ ಗಾಲಿಗೆ ಎಡಗೈ ಹಾಕಿ ನೋಡಿ. ಸಂವೇಗದ ಬಾಣ ಪೂರ್ವದ ಬದಲು ಪಶ್ಚಿಮಕ್ಕೆ, ಟಾರ್ಕ್ ಉತ್ತರದ ಬದಲು ದಕ್ಷಿಣಕ್ಕೆ. ಪಶ್ಚಿಮದಿಂದ ದಕ್ಷಿಣಕ್ಕೆ ಹೊರಳುವುದೂ ಮುಳ್ಳಿಗೆ ಎದುರಾಗಿಯೇ. ಎರಡು ತಪ್ಪು ಒಂದನ್ನೊಂದು ಅಳಿಸಿದ್ದವು. ಕೈ ಯಾವುದೆಂಬುದು ನಮ್ಮ ಒಪ್ಪಂದ, ಗಾಲಿಗೆ ಅದು ಗೊತ್ತಿಲ್ಲ. ಒಂದು ಬಾಣಕ್ಕೆ ಬಲಗೈ, ಇನ್ನೊಂದಕ್ಕೆ ಎಡಗೈ ಹಾಕಿದರೆ ಮಾತ್ರ ಗಾಲಿ ಸುತ್ತುವ ದಿಕ್ಕೇ ತಪ್ಪಿಹೋಗುತ್ತದೆ. r × F ಬದಲು F × r ಮಾಡಿದರೂ ಅದೇ ಗತಿ.

ಪೆನ್ನು ಕೆಳಗಿಟ್ಟು ಬಲಗೈಯಲ್ಲಿ ಲೆಕ್ಕ ಹಾಕಿದ. "ಬಾಣ ಪಶ್ಚಿಮಕ್ಕ, ಟಾರ್ಕ್ ಉತ್ತರಕ್ಕ. ಈ ಸಲ ಮುಳ್ಳಿನ ಕಡೆಗೇ ಸುತ್ತಬೇಕು ಮಾಮಾ." ಗಾಲಿಯನ್ನು ಉಲ್ಟಾ ತಿರುಗಿಸಿ ಬಿಟ್ಟ. ಅದು ಅವನು ಹೇಳಿದ ಕಡೆಗೇ ಸುತ್ತಿತು.