ಅಂಗಡಿಯ ನಗದು ಮಾರಾಟ: ತೆರಿಗೆಯನ್ನು ಬೇರೆ ಬರೆದಿಡುವ ಕ್ರಮ

ರೋಣ, ನರಗುಂದ, ಗಜೇಂದ್ರಗಡ ಭಾಗಗಳಲ್ಲಿ ಒಕ್ಕಲುತನದ ಜೊತೆಗೆ ಬೀಜ, ಔಷಧಿ, ಪೈಪುಗಳ ಸಣ್ಣ ಅಂಗಡಿ ಇಟ್ಟುಕೊಂಡವರು ತಮ್ಮಲ್ಲೂ ಇರಬಹುದು. ಇಂಥವರು ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ, ಬಂದದ್ದನ್ನೆಲ್ಲ ಮಾರಾಟವೆಂದು ಬರೆದುಬಿಟ್ಟರೆ ಲೆಕ್ಕ ತಪ್ಪುತ್ತದೆ. ಆ ಹಣದಲ್ಲಿ ಒಂದು ಪಾಲು ಅಂಗಡಿಯದಲ್ಲ, ಸರ್ಕಾರದ್ದು. ಅಂಗಡಿಕಾರನು ಅದನ್ನು ಕಟ್ಟುವ ದಿನದವರೆಗೆ ಕಾಯ್ದಿಟ್ಟುಕೊಂಡಿರುತ್ತಾನೆ, ಅಷ್ಟೇ.

ಹಿಂದೆ ಇದನ್ನು 1957ರ ಕಾಯಿದೆಯಂತೆ ಮಾರಾಟ ತೆರಿಗೆ ಎನ್ನುತ್ತಿದ್ದರು. 2005ರ ಏಪ್ರಿಲ್‌ನಿಂದ ವ್ಯಾಟ್ ಬಂತು. 2017ರ ಜುಲೈ 1ರಿಂದ ಜಿಎಸ್‌ಟಿ ನಡೆದಿದೆ. ಹೆಸರು ಬದಲಾದರೂ ಲೆಕ್ಕ ಬರೆಯುವ ತತ್ವ ಬದಲಾಗಿಲ್ಲ.

ಒಂದು ಉದಾಹರಣೆ ನೋಡೋಣ. ರೋಣದ ಒಂದು ನೋಂದಾಯಿತ ಅಂಗಡಿಯಲ್ಲಿ ಬೆಳಗ್ಗೆ ಗಲ್ಲಾದಲ್ಲಿ 2,000 ರೂಪಾಯಿ ಇತ್ತೆನ್ನಿ. ಆ ದಿನ ಮೂರು ನಗದು ಮಾರಾಟಗಳಾದವು. ಮೊದಲನೆಯದು 1,000 ರೂಪಾಯಿ ಬೆಲೆಯ ಪಿ.ವಿ.ಸಿ. ಪೈಪು. ಇದಕ್ಕೆ ಶೇಕಡಾ 18ರಂತೆ ತೆರಿಗೆ 180 ರೂಪಾಯಿ. ಗಿರಾಕಿ ಕೊಟ್ಟದ್ದು 1,180.

ಎರಡನೆಯದು ಕೀಟನಾಶಕದ ಬಾಟಲಿ. ಅದರ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ 590 ರೂಪಾಯಿ. ಈ ಮುದ್ರಿತ ಬೆಲೆಯಲ್ಲಿ ತೆರಿಗೆ ಆಗಲೇ ಸೇರಿರುತ್ತದೆ; ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. ಒಳಗಿನ ತೆರಿಗೆಯನ್ನು ತೆಗೆಯುವಾಗ ಬಹಳ ಜನ ಎಡವುತ್ತಾರೆ. 590ಕ್ಕೆ ಶೇಕಡಾ 18 ಹಾಕಿದರೆ 106 ರೂಪಾಯಿ 20 ಪೈಸೆ ಬರುತ್ತದೆ, ಇದು ತಪ್ಪು. 590ನ್ನು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು. ಆಗ ತೆರಿಗೆ 90, ಸರಕಿನ ಬೆಲೆ 500 ಎಂದು ಸರಿಯಾಗಿ ಬರುತ್ತದೆ. 500ಕ್ಕೆ ಶೇಕಡಾ 18 ಹಾಕಿ ನೋಡಿದರೆ ತಾಳೆಯಾಗುತ್ತದೆ.

ಮೂರನೆಯದು 300 ರೂಪಾಯಿಯ ಬಿತ್ತನೆ ಜೋಳ. ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ.

ಈಗ ಕಿರ್ದಿಯ ಜಮಾ ಕಡೆಗೆ ಮೂರು ಅಂಕಣ ಎಳೆಯಿರಿ: ಸರಕಿನ ಬೆಲೆ, ತೆರಿಗೆ, ಒಟ್ಟು ನಗದು. ದಿನದ ಕೊನೆಗೆ ಸರಕಿನ ಬೆಲೆ 1,800, ತೆರಿಗೆ 270, ಒಟ್ಟು 2,070 ಆಗುತ್ತದೆ. ಬೇರೆ ಖರ್ಚು ಇಲ್ಲದಿದ್ದರೆ ಗಲ್ಲಾದಲ್ಲಿ 4,070 ರೂಪಾಯಿ ಇರಬೇಕು. ಖಾತೆ ಪುಸ್ತಕಕ್ಕೆ ಏರಿಸುವಾಗ 1,800ನ್ನು ಮಾತ್ರ ಮಾರಾಟ ಖಾತೆಗೆ ಜಮಾ ಮಾಡಿರಿ. 270ನ್ನು ತೆರಿಗೆ ಬಾಕಿ ಖಾತೆಗೆ ಜಮಾ ಮಾಡಿರಿ. ಅದರಲ್ಲಿ ಅರ್ಧ, ಅಂದರೆ 135, ಕೇಂದ್ರದ್ದು, ಉಳಿದ 135 ರಾಜ್ಯದ್ದು. ಯಾರಾದರೂ ಪೈಪನ್ನು ಮರಳಿಸಿದರೆ 1,180 ರೂಪಾಯಿ ಹಿಂದಿರುಗಿಸಿ, ಮಾರಾಟದಿಂದ 1,000, ತೆರಿಗೆಯಿಂದ 180 ಎರಡನ್ನೂ ಕಳೆಯಬೇಕು.

ಹೀಗೆ ಬೇರ್ಪಡಿಸದಿದ್ದರೆ ಏನಾಗುತ್ತದೆ? ಇಂಥ 25 ದಿನಗಳಲ್ಲಿ 6,750 ರೂಪಾಯಿ ಲಾಭದಂತೆ ಕಾಣುತ್ತದೆ. ಅದನ್ನು ಹೊಸ ಸರಕಿಗೋ ಮನೆಗೋ ಬಳಸಿದರೆ, ತೆರಿಗೆ ಕಟ್ಟುವ ದಿನ ಸಾಲ ಮಾಡಬೇಕಾದೀತು; ತಡವಾದರೆ ಬಡ್ಡಿಯೂ ಬೀಳುತ್ತದೆ.

ಆದರೆ 6,750 ಪೂರ್ತಿ ಕಟ್ಟಬೇಕಾಗಿಲ್ಲ. ಸರಕು ಕೊಳ್ಳುವಾಗ ಸಗಟು ವ್ಯಾಪಾರಿಗೆ ಕೊಟ್ಟ ತೆರಿಗೆ 4,950 ಇದ್ದರೆ, ಅದನ್ನು ಕಳೆದು 1,800 ಕಟ್ಟಿದರೆ ಸಾಕು. ಇದಕ್ಕೆ ಆ ವ್ಯಾಪಾರಿಯ ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಇರಬೇಕು, ಅವನೂ ತನ್ನ ಲೆಕ್ಕದಲ್ಲಿ ಆ ಮಾರಾಟ ತೋರಿಸಿರಬೇಕು. ಖರೀದಿಯ ತೆರಿಗೆಯನ್ನು ಸರಕಿನ ಬೆಲೆಯೊಳಗೆ ಸೇರಿಸಿ ಬರೆದರೆ ಈ ಕಡಿತ ಕೈತಪ್ಪುವ ಸಂಭವವುಂಟು.

ಎಲ್ಲ ಅಂಗಡಿಯವರೂ ತೆರಿಗೆಯನ್ನು ಬೇರೆ ಹಾಕುವಂತಿಲ್ಲ ಎಂಬುದನ್ನು ನೆನಪಿಡಿರಿ. ನೋಂದಣಿ ಇಲ್ಲದವರಿಗೆ ಆ ಅಧಿಕಾರವಿಲ್ಲ. ಕಾಂಪೋಜಿಶನ್ ಪದ್ಧತಿಗೆ ಸೇರಿದವರು ತಮ್ಮ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುತ್ತಾರೆ. ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಖರೀದಿಯ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ.

ತಾವು ಗಿರಾಕಿಯಾಗಿ ಹೋದಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಬಿಲ್ಲಿನಲ್ಲಿ ತೆರಿಗೆ ಬೇರೆ ಹಾಕಿದ್ದರೆ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ನೋಡಿರಿ. ನಮ್ಮ ರಾಜ್ಯದ ಅಂಗಡಿಯಾದರೆ ಅದು 29ರಿಂದ ಆರಂಭವಾಗುತ್ತದೆ. ಸಂಖ್ಯೆ ಇಲ್ಲದ ಬಿಲ್ಲಿಗೆ ತೆರಿಗೆಯ ಹಣ ಕೊಡಬೇಕಾಗಿಲ್ಲ.